ಹಿಂದಿನಿಂದ ನೋಡಿದರೆ

ಹಳೆಯ ಪಿಎಸ್4 ಕೊಳ್ಳಬೇಕೆಂದು ತಮ್ಮ 12,000 ರೂಪಾಯಿ ಕೂಡಿಸಿಟ್ಟಿದ್ದ. ಹಾಸನದಲ್ಲಿ ನಮ್ಮ ಬೆಲೆಗೆ ಒಂದೂ ಸಿಗಲಿಲ್ಲ. ಚನ್ನರಾಯಪಟ್ಟಣದ ಹುಡುಗನೊಬ್ಬ 'ಪ್ರೋ' ಇದೆ ಎಂದು ಫೋಟೋ ಕಳಿಸಿದ. ಎಲ್ಲವೂ ಮುಂಭಾಗದ್ದೇ. ಹಿಂಭಾಗದ್ದು ಕಳಿಸೆಂದೆ.

ಪಿಎಸ್4ನಲ್ಲಿ ಮೂರು ಬಗೆ. 2013ರಲ್ಲಿ ಬಂದ ಮೊದಲನೆಯದು, 2016ರ ಸ್ಲಿಮ್, ಅದೇ ವರ್ಷದ ಪ್ರೋ. ಮೇಲಿನ ಹೊದಿಕೆಗೆ ಸ್ಟಿಕರ್ ಅಂಟಿಸಿ ಮರೆಮಾಡಬಹುದು, ಅಡಿಯ ಚೀಟಿ ಸವೆದಿರಬಹುದು. ಹಿಂದಿನ ತೂತುಗಳು ಮಾತ್ರ ಬದಲಾಗುವುದಿಲ್ಲ. ಮೊದಲನೆಯದರಲ್ಲಿ ಎಚ್‌ಡಿಎಂಐ ಜೊತೆಗೆ ಧ್ವನಿಗಾಗಿ ಆಪ್ಟಿಕಲ್ ಪೋರ್ಟ್ ಇದೆ. ಸ್ಲಿಮ್‌ನಲ್ಲಿ ಅದನ್ನು ತೆಗೆದುಹಾಕಿದರು. ಪ್ರೋದಲ್ಲಿ ಆಪ್ಟಿಕಲ್ ಇದೆ, ಮಿಕ್ಕೆರಡರಲ್ಲಿ ಇಲ್ಲದ ಒಂದು ಯುಎಸ್‌ಬಿಯೂ ಹಿಂದೆ ಇದೆ. ಹುಡುಗನ ಫೋಟೋದಲ್ಲಿ ಆಪ್ಟಿಕಲ್ಲೂ ಇಲ್ಲ, ಯುಎಸ್‌ಬಿಯೂ ಇಲ್ಲ. ಅದು ಸ್ಲಿಮ್. ಕೇಳಿದ್ದಕ್ಕೆ ಅವನು ಉತ್ತರಿಸಲಿಲ್ಲ.

ಮುಂದಿನ ವಾರ ಹೊಳೆನರಸೀಪುರಕ್ಕೆ ಹೋದೆವು. ಮಾರುತ್ತಿದ್ದವರು ಒಬ್ಬ ಹಿರಿಯರು. "ಮಗ ಬೆಂಗ್ಳೂರಿಗೋದ. ಇದು ಧೂಳು ತಿಂತಾ ಕೂತೈತೆ. ಹಳೇ ಮಾಡ್ಲಂತೆ, ಹತ್ತು ಸಾವ್ರ ಕೊಡಪ್ಪ" ಎಂದರು. ಹಳೆಯದೆಂದು ಹೇಳಿದವನು ಪಕ್ಕದ ಮನೆಯ ಹುಡುಗ. ಅವನು ಕಂಟ್ರೋಲರ್ ನೋಡಿ ಹೇಳಿದ್ದ. 2016ರ ನಂತರದ ಕಂಟ್ರೋಲರ್‌ನಲ್ಲಿ ಟಚ್‌ಪ್ಯಾಡ್‌ನ ಮೇಲಂಚಿನಲ್ಲಿ ಸಣ್ಣ ಬೆಳಕಿನ ಗೆರೆ ಕಾಣುತ್ತದೆ. ಇದರಲ್ಲಿ ಬೆಳಕಿದ್ದದ್ದು ಬೆನ್ನಲ್ಲಿ ಮಾತ್ರ. ಆಕಾರ ಎರಡರದ್ದೂ ಒಂದೇ. ಆದರೆ ಈ ಕಂಟ್ರೋಲರ್‌ಗಳು ಯಾವ ಪಿಎಸ್4ಗಾದರೂ ಹೊಂದುತ್ತವೆ. ಹಾಗಾಗಿ ಗೆರೆ ಹೇಳುವುದು ಕಂಟ್ರೋಲರ್‌ನ ವಯಸ್ಸನ್ನು, ಡಬ್ಬಿಯದ್ದನ್ನಲ್ಲ.

ಡಬ್ಬಿ ತಿರುಗಿಸಿದೆ. ಮೂರು ಪದರದ ಮೈ, ಆಪ್ಟಿಕಲ್, ಅದರಾಚೆ ಒಂದು ಯುಎಸ್‌ಬಿ. ಕರೆಂಟಿನ ಜಾಗದಲ್ಲಿ ಕಂಪ್ಯೂಟರಿನ ಸಿಪಿಯುಗೆ ಹಾಕುವಂಥ ದಪ್ಪ ಪಿನ್ನು. ಕೊನೆಯ ಪ್ರೋಗಳಲ್ಲಿ ಸಣ್ಣ ಪಿನ್ನಿನ ವೈರ್ ಬಂತು, ಆದ್ದರಿಂದ ಇದು ಅದಕ್ಕೂ ಮುಂಚಿನ ಪ್ರೋ. ಅಡಿಯ ಚೀಟಿ ಮಾಸಿದ್ದರೂ CUH-7 ಎಂಬಷ್ಟು ಓದಲು ಬಂತು. ಸ್ಲಿಮ್ ಆಗಿದ್ದರೆ ಅಲ್ಲಿ CUH-2 ಇರಬೇಕಿತ್ತು.

ತಮ್ಮ ನನ್ನ ಕಾಲು ತುಳಿದ. ಅವನಿಗೂ ಗೊತ್ತಾಗಿತ್ತು.

ಚನ್ನರಾಯಪಟ್ಟಣದ ಹುಡುಗನ ಮೇಲೆ ಒಂದು ವಾರ ಸಿಟ್ಟಿಟ್ಟುಕೊಂಡಿದ್ದವನು ನಾನು. ಸುಮ್ಮನಿದ್ದರೆ ನನಗೂ ಅವನಿಗೂ ಇದ್ದ ವ್ಯತ್ಯಾಸ, ಅವನು ಬಾಯಿಬಿಟ್ಟು ಹೇಳಿದ್ದ ಎಂಬುದಷ್ಟೇ.

"ಯಜಮಾನ್ರೇ, ಇದು ಹಳೇದಲ್ಲ, ಪ್ರೋ. ಇನ್ನೂ ಜಾಸ್ತಿ ಬರುತ್ತೆ. ನಿಮ್ಮ ಮಗನ್ನ ಕೇಳಿ" ಎಂದೆ. ಅವರು ಫೋನು ಮಾಡಿದರು. ಮಗ 16,000 ಎಂದ. ನಮ್ಮಲ್ಲಿದ್ದದ್ದು ಹನ್ನೆರಡೇ. ಅವರು ಕಾಫಿ ಕೊಟ್ಟರು, ಬೆಲೆ ಇಳಿಸಲಿಲ್ಲ.

ಬಸ್ಸಿನಲ್ಲಿ ತಮ್ಮ ಮಾತಾಡಲಿಲ್ಲ. ಹಾಸನ ಹತ್ತಿರವಾದಾಗ ಮೊಬೈಲ್ ಮುಂದೆ ಹಿಡಿದ. ಅರಕಲಗೂಡಿನಿಂದ ಯಾರೋ ಸ್ಲಿಮ್ ಹಾಕಿದ್ದರು. ಮೊದಲ ಫೋಟೋವೇ ಹಿಂಭಾಗದ್ದು.