ಹೊಯ್ ಎಂದದ್ದು ಗಂಡಸು, ಸಳ ಎಂದದ್ದು ಹುಡುಗ

ಹಳೇಬೀಡಿನ ಕಡೆ ಶಾಲೆಯ ನಾಟಕವೆಂದರೆ ಹುಲಿ, ಸಳ, ಸುದತ್ತ ಮುನಿ ಈ ಮೂವರಿಗೆ ಬಿಡುವಿಲ್ಲ. ಹುಲಿ ಎಗರುತ್ತದೆ, ಮುನಿ "ಹೊಯ್, ಸಳ!" ಎನ್ನುತ್ತಾನೆ, ಒಂದು ರಾಜವಂಶ ಹುಟ್ಟುತ್ತದೆ. ಒಟ್ಟು ಎರಡೇ ಮಾತು. ಆದರೂ ಮುನಿಯ ಪಾತ್ರವನ್ನು ಎಂಟನೇ ಕ್ಲಾಸಿನ ಹುಡುಗನಿಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಅಕ್ಕನ ಮಗ ಹತ್ತಿಯ ಗಡ್ಡ ಕಟ್ಟಿಕೊಂಡು ಕೈ ಎತ್ತಿ "ಹೊಯ್" ಎಂದಾಗ ಮೈಕು ಗುಡುಗಿತು. "ಸಳ" ಮಾತ್ರ ಸೀಳಿಕೊಂಡು ಮೇಲಕ್ಕೆ ಹಾರಿ, ಕೊನೆಗೆ ಬರೀ ಗಾಳಿಯಾಯಿತು. ಮೊದಲು ನಕ್ಕಿದ್ದು ಹುಲಿ.

ಮನೆಗೆ ಬಂದ ಮೇಲೆ ಅಕ್ಕ ಮೆಣಸಿನ ಕಷಾಯ ಇಟ್ಟಳು. "ಶೀತ ಕಟ್ಕೊಂಡಿದೆ ಕಣೋ ಇವ್ನಿಗೆ" ಅಂದಳು. ಕಷಾಯದಿಂದ ಕೆಡುಕೇನಿಲ್ಲ, ಆದರೆ ಅದು ಅವನ ಗಂಟಲಲ್ಲಿ ನಡೆಯುತ್ತಿರುವ ಕಟ್ಟಡದ ಕೆಲಸವನ್ನು ನಿಲ್ಲಿಸಲಾರದು. ಸಾಮಾನ್ಯವಾಗಿ 12ರಿಂದ 15 ವರ್ಷದೊಳಗೆ ಟೆಸ್ಟೋಸ್ಟೆರಾನ್ ಏರಿ, ಧ್ವನಿಪೆಟ್ಟಿಗೆ ದೊಡ್ಡದಾಗಿ ಮುಂದಕ್ಕೆ ಚಾಚುತ್ತದೆ. ಕತ್ತಿನಲ್ಲಿ ಕಾಣುವ ಉಬ್ಬು ಅದೇ. ಒಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಚಿಕ್ಕಂದಿನಲ್ಲಿ ಸೆಕೆಂಡಿಗೆ ಸುಮಾರು 250 ಸಲ ಕಂಪಿಸುತ್ತಿದ್ದವು ಕೊನೆಗೆ 120ರ ಆಸುಪಾಸಿಗೆ ಇಳಿಯುತ್ತವೆ. ಸಂಗೀತದವರ ಲೆಕ್ಕದಲ್ಲಿ ಇಡೀ ಒಂದು ಸ್ಥಾಯಿ ಕೆಳಗೆ. ತಂತಿ ಬದಲಾಯಿತು, ಅದನ್ನು ಎಳೆದು ಬಿಗಿಯುವ ಸ್ನಾಯುಗಳಿಗೆ ಮಾತ್ರ ಇನ್ನೂ ಹಳೆಯ ಅಳತೆಯೇ ರೂಢಿ. ಒಂದಿಷ್ಟು ಹೆಚ್ಚಾಗಿ ಎಳೆದರೆ ದನಿ ಚಂಗನೆ ಮೇಲಕ್ಕೆ ಹೋಗುತ್ತದೆ. ಮುನಿಗೆ ಆದದ್ದು ಇಷ್ಟೇ. ಈ ಗಲಾಟೆ ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷದ ಮೇಲೆ ಸ್ವಲ್ಪ ದಿನ ಇರುತ್ತದೆ. ನಡುವೆ ದನಿ ತುಸು ಗೊಗ್ಗರಾಗುವುದೂ ಉಂಟು. ಅದಕ್ಕೆ ಔಷಧಿ ಬೇಡ. ಕ್ರಿಕೆಟ್ ಮೈದಾನದಲ್ಲಿ ಕಿರುಚುವುದನ್ನು ಕಡಿಮೆ ಮಾಡಿದರೆ ಸಾಕು, ಅದನ್ನು ಅವನಿಗೆ ಹೇಳುವವರು ಯಾರೋ ಗೊತ್ತಿಲ್ಲ.

ಒಡೆಯುವ ದನಿಗೆ ನಾನು ಹೆದರುವುದಿಲ್ಲ. ಒಡೆಯದೆ ಉಳಿದ ದನಿಯದೇ ಬೇರೆ ಕಥೆ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದ. ಹದಿನೆಂಟು ತುಂಬಿತ್ತು, ಮೀಸೆ ಬಂದಿತ್ತು, ಕತ್ತಿನ ಉಬ್ಬೂ ಎದ್ದು ಕಾಣುತ್ತಿತ್ತು, ದನಿ ಮಾತ್ರ ಆರನೇ ಕ್ಲಾಸಿನದೇ. ಕೊರಿಯರಿನವನು ಫೋನಿನಲ್ಲಿ "ಅಮ್ಮಾ, ಮನೇಲಿ ಯಾರಾದ್ರೂ ಗಂಡಸ್ರು ಇದಾರಾ?" ಎಂದು ಕೇಳಿದ ಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ನಂತರ ಅಂಗಡಿಗೆ ಹೋಗುವುದನ್ನೂ ಬಿಟ್ಟ. ಬೀದಿಯವರು ಅದಕ್ಕೊಂದು ಹೆಸರಿಟ್ಟಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳಿದ್ದರೂ ಯಾರೂ ಗಮನಿಸದ ಸಂಗತಿ ಒಂದಿತ್ತು: ಅವನ ಕೆಮ್ಮು ಅಪ್ಪಟ ಗಂಡಸಿನ ಕೆಮ್ಮು.

ಹಾಸನದ ಕಿವಿ-ಮೂಗು-ಗಂಟಲು ಡಾಕ್ಟರು ಅದನ್ನೇ ಹಿಡಿದರು. ಕೊಳವೆ ಕ್ಯಾಮೆರಾ ಇಳಿಸಿ ನೋಡಿದರೆ ಧ್ವನಿಪೆಟ್ಟಿಗೆ ಪೂರ್ತಿ ಬೆಳೆದಿತ್ತು, ತಂತುಗಳು ಸರಿಯಾಗಿದ್ದವು. ಮನೆ ದೊಡ್ಡದಾದರೂ ಹುಡುಗ ಹಳೆಯ ಕೋಣೆ ಬಿಟ್ಟು ಬಂದಿರಲಿಲ್ಲ. ಇದಕ್ಕೆ ಪ್ಯೂಬರ್‌ಫೋನಿಯಾ ಎನ್ನುತ್ತಾರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದು ಅಪರೂಪದ ಕೇಸೇನಲ್ಲ. ವಾಕ್ ಚಿಕಿತ್ಸಕಿ ಮೊದಲು ಕೆಮ್ಮಲು ಹೇಳಿದರು. ಆಮೇಲೆ ಆ ಕೆಮ್ಮಿನ ಬಾಲವನ್ನೇ ಹಿಡಿದು "ಆ" ಎಂದು ಎಳೆಯಲು ಹೇಳಿ, ಕತ್ತಿನ ಉಬ್ಬನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದರು. ಒತ್ತಿದಾಗ ತಂತುಗಳ ಬಿಗಿ ಸಡಿಲಿ ದನಿ ದೊಪ್ಪನೆ ಇಳಿಯಿತು. ಹುಡುಗ ಹಿಂದೆ ತಿರುಗಿ ನೋಡಿದನಂತೆ, ಯಾರು ಮಾತಾಡಿದ್ದು ಎಂದು. ಅಲ್ಲಿಂದ ಬೆರಳು ತೆಗೆದು "ಮ್", ನಂತರ ವಾರಗಳ ಹೆಸರು, ಆಮೇಲೆ ವಾಕ್ಯ, ಕೊನೆಗೆ ಅಪರಿಚಿತರಿಗೆ ಫೋನು. ಕೆಲವೇ ವಾರಗಳಲ್ಲಿ ಕೂತಿತು. ಹೀಗೆ ಬಹಳ ಮಂದಿಗೆ ಆಪರೇಷನ್ನಿನ ಮಾತೇ ಬರುವುದಿಲ್ಲ.

ಆ ಡಾಕ್ಟರು ಹುಡುಗನ ಅಮ್ಮನಿಗೆ ಇನ್ನೂ ಕೆಲವು ಮಾತು ಹೇಳಿದ್ದರು, ಆಕೆ ಈಗ ಬೀದಿಗೆಲ್ಲ ಹೇಳುತ್ತಾರೆ. ಒಂಬತ್ತು ತುಂಬುವ ಮೊದಲೇ ದನಿ ದಪ್ಪಗಾಗಿ ಮೈಕೂದಲು ಬಂದರೆ ತೋರಿಸಬೇಕು. ಹದಿನಾಲ್ಕು ತುಂಬಿದರೂ ವೃಷಣ ದೊಡ್ಡದಾಗದೆ, ಮೈಯಲ್ಲಿ ಪ್ರಾಯದ ಗುರುತೇ ಕಾಣದಿದ್ದರೆ ಆಗಲೂ ತೋರಿಸಬೇಕು, ಅಲ್ಲಿ ಕೇಳಬೇಕಾದ್ದು ಹಾರ್ಮೋನಿನ ಡಾಕ್ಟರನ್ನು. ಒಮ್ಮೆ ಒಡೆದು ಒಮ್ಮೆ ಸರಿಹೋಗುವ ದನಿ ಸಹಜ, ಆದರೆ ಎಡೆಬಿಡದೆ ಮೂರ್ನಾಲ್ಕು ವಾರ ಗೊಗ್ಗರಾಗಿಯೇ ಇದ್ದರೆ ಗಂಟಲು ನೋಡಿಸಬೇಕು. ಉಸಿರೆಳೆಯುವಾಗ ಸೀಟಿಯಂಥ ಸದ್ದು, ಏದುಸಿರು, ಕೆಮ್ಮಿನಲ್ಲಿ ರಕ್ತ, ಏಟು ಬಿದ್ದ ಮೇಲೆ ದನಿ ಹೋಗುವುದು, ಇವಕ್ಕೆ ಮಾತ್ರ ಆವತ್ತೇ ಹೊರಡಬೇಕು.

ಅಂದ ಹಾಗೆ, ಹುಡುಗ ಈಗ ಫೋನ್ ಎತ್ತುತ್ತಾನೆ. ಅರಸೀಕೆರೆಯ ಅಜ್ಜಿಗೆ ಮಾತ್ರ ಒಪ್ಪಿಗೆಯಾಗಿಲ್ಲ. "ಯಾರಪ್ಪ ನೀನು, ನಮ್ಮ ಹುಡುಗನ ಫೋನು ನಿನ್ನ ಕೈಲಿ ಯಾಕಿದೆ?" ಎಂದು ಗದರಿ, ಎರಡು ಸಲ ಇಟ್ಟೇಬಿಟ್ಟಿದ್ದಾರೆ.