ಒಂದು ಸ್ಟಾರು ಮತ್ತು ರೊಟ್ಟಿ ಆಯಿ

ಲಚ್ಯಾಣದಲ್ಲಿ ನಮ್ಮ ಕಾಕಾನದೊಂದು ಖಾನಾವಳಿ ಇದೆ. ಆರು ಟೇಬಲ್ಲು, ಎರಡು ಹಂಚು, ರೊಟ್ಟಿ ಬಡಿಯೋಕೆ ಒಬ್ಬ ಆಯಿ. ಮಠಕ್ಕೆ ಬಂದವರು, ಇಂಡಿ ಕಡೆ ಹೋಗುವವರು ಅಲ್ಲಿ ಉಂಡು ಹೋಗ್ತಾರೆ. ಅದಕ್ಕೂ ಆನ್‌ಲೈನ್ ರಿವ್ಯೂಗೂ ಏನು ಸಂಬಂಧ ಅಂತ ನಾನೂ ಕೇಳಿಕೊಂಡಿದ್ದೆ. ಆದರೆ ಈಗ ಹೊರಗಿನಿಂದ ಬರೋರು ಊಟಕ್ಕೆ ನಿಲ್ಲೋ ಮೊದಲು ಗೂಗಲ್ ಮ್ಯಾಪ್ ನೋಡ್ತಾರಲ್ಲ, ಹಾಗಾಗಿ ಖಾನಾವಳಿಯ ಹೆಸರನ್ನು ಅಲ್ಲಿ ಸೇರಿಸಿ, ಮಾಲೀಕರು ನಾವೇ ಅಂತ ಖಾತ್ರಿ ಮಾಡಿಸಿದ್ದು ನಾನೇ. ಬೆಂಗಳೂರಲ್ಲಿ ಕೂತು ಕಾಕಾನ ಪರವಾಗಿ ಉತ್ತರ ಬರೆಯೋ ಕೆಲಸವೂ ನನ್ನ ತಲೆಗೇ ಬಂತು.

ಮೊದಮೊದಲು ಮಜವಾಗಿತ್ತು. ಇಪ್ಪತ್ತು ರಿವ್ಯೂ ಬಂದಿದ್ದವು, ಸರಾಸರಿ 4.5. ಒಳ್ಳೆಯದು ಬರೆದವರಿಗೆಲ್ಲ ಒಂದೇ ಸಾಲು ಅಂಟಿಸ್ತಿದ್ದೆ: "ಧನ್ಯವಾದಗಳು, ಮತ್ತೆ ಬನ್ನಿ." ಒಬ್ಬ ಮಹಾಶಯ ನಮ್ಮ ಪನ್ನೀರ್ ಬಟರ್ ಮಸಾಲಾ ಅದ್ಭುತ ಅಂತ ಐದು ಸ್ಟಾರ್ ಕೊಟ್ಟಿದ್ದ. ಅವನಿಗೂ ಅದನ್ನೇ ಅಂಟಿಸಿದೆ. ನಮ್ಮಲ್ಲಿ ಪನ್ನೀರೇ ಇಲ್ಲ! ಬೇರೆ ಯಾವುದೋ ಹೋಟೆಲಿನ ಹೊಗಳಿಕೆ ನಮ್ಮ ಖಾತೆಗೆ ಬಿದ್ದಿತ್ತು, ನಾನು ಓದದೇ ನಮಸ್ಕಾರ ಹೇಳಿದ್ದೆ.

ಆಮೇಲೆ ಇಪ್ಪತ್ತೊಂದನೆಯದು ಬಂತು. ಒಂದು ಸ್ಟಾರ್. "ಬಿಸಿ ರೊಟ್ಟಿ ಅಂತ ಬೋರ್ಡು. 40 ನಿಮಿಷ ಕಾದಮೇಲೆ ಬಂದದ್ದು ತಣ್ಣಗಿನ ರೊಟ್ಟಿ. ಕೇಳಿದರೆ ಸರಿಯಾಗಿ ಮಾತೂ ಆಡಲಿಲ್ಲ."

ಸರಾಸರಿ ಅಲ್ಲಿಂದ 4.3ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ: ಮತ್ತೆ 4.5 ಆಗಬೇಕಂದ್ರೆ ಏಳು ಜನ ಐದೈದು ಸ್ಟಾರ್ ಕೊಡಬೇಕು. ಚಿಕ್ಕ ಖಾನಾವಳಿಗೆ ಏಳು ರಿವ್ಯೂ ಅಂದರೆ ಎರಡು ಮೂರು ತಿಂಗಳ ಮಾತು. ಕಾಕಾ ಫೋನಿನಲ್ಲಿ ಕೆಂಡ ಕಾರಿದ. "ತಮ್ಮಾ, ಅವ ಬಂದೇ ಇಲ್ಲಂತ ಬರಿ. ಇಲ್ಲಾಂದ್ರ ಅದನ್ನ ತಗಸಿಬಿಡು!"

ತೆಗೆಸೋದು ನಮ್ಮ ಕೈಯಲ್ಲಿಲ್ಲ. ಬೈಗುಳ, ಜಾಹೀರಾತು, ಉಂಡೇ ಇಲ್ಲದವರ ಸುಳ್ಳು ಬರಹ, ಇಂಥವಾದರೆ ದೂರು ಕೊಡಬಹುದು. ರೊಟ್ಟಿ ತಣ್ಣಗಿತ್ತೋ ಬಿಸಿ ಇತ್ತೋ ಅನ್ನೋ ಜಗಳದಲ್ಲಿ ಗೂಗಲ್ ಪಂಚಾಯ್ತಿ ಮಾಡೋದಿಲ್ಲ. ಉಳಿದದ್ದು ಉತ್ತರ ಒಂದೇ.

ನಾನು ಬುದ್ಧಿವಂತ ಅಂದುಕೊಂಡು ಹತ್ತೇ ನಿಮಿಷದಲ್ಲಿ ಬರೆದೆ: "ತೊಂದರೆಗೆ ಕ್ಷಮಿಸಿ. ಅಂದು ರೊಟ್ಟಿ ಮಾಡುವವರ ನಿರ್ಲಕ್ಷ್ಯದಿಂದ ಹೀಗಾಗಿದೆ. ಅವರಿಗೆ ಎಚ್ಚರಿಕೆ ನೀಡಲಾಗಿದೆ." ಎಷ್ಟು ಚಂದ ಅಲ್ವಾ? ಸರ್ಕಾರಿ ನೋಟೀಸಿನ ಹಾಗಿದೆ. ಎಚ್ಚರಿಕೆ ಯಾರೂ ಕೊಟ್ಟಿರಲಿಲ್ಲ. ನಿರ್ಲಕ್ಷ್ಯ ಆಗಿತ್ತಾ ಅಂತ ಯಾರನ್ನೂ ಕೇಳಿರಲೂ ಇಲ್ಲ.

ಮೂರು ದಿನ ಬಿಟ್ಟು ಕಾಕಾನ ಫೋನು. ದನಿ ತಗ್ಗಿತ್ತು. "ಆಯಿ ಕೆಲಸಕ್ಕ ಬರಾಕ ಒಲ್ಲೆ ಅನ್ನಾಕತ್ಯಾಳ."

ಆಯಿಗೆ ಓದು ಬರೋದಿಲ್ಲ. ಮೊಮ್ಮಗ ಮೊಬೈಲಿನಲ್ಲಿ ನೋಡಿ ಓದಿ ಹೇಳಿದ್ದಾನೆ. ಊರಲ್ಲಿ ರೊಟ್ಟಿ ಮಾಡೋರು ಅಂದರೆ ಅವಳೊಬ್ಬಳೇ ಅಂತ ಎಲ್ಲರಿಗೂ ಗೊತ್ತು, ಹೆಸರು ಬರೆಯದಿದ್ದರೇನಾಯ್ತು? "ಹನ್ನೊಂದು ವರ್ಷ ಒಲಿ ಮುಂದ ಕುಂತೀನಿ, ನಿರ್ಲಕ್ಷ್ಯ ಅಂದ್ರ ಏನು ಕೇಳು ಅವಗ" ಅಂದಳಂತೆ. ಆ 'ಅವ' ನಾನು.

ಆಗ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆ. ರಿವ್ಯೂದ ತಾರೀಖು ಹಿಡಿದು ಕಾಕಾ ಬಿಲ್ಲಿನ ಪುಸ್ತಕ ತೆಗೆದ. ಅಂದು ಅಮಾವಾಸ್ಯೆ. ಮಧ್ಯಾಹ್ನ ಒಂದೇ ಸಲಕ್ಕೆ ನಲವತ್ತು ಜನ. ತಲೆಗೆ ಮೂರರಂತೆ ನೂರಾ ಇಪ್ಪತ್ತು ರೊಟ್ಟಿ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಸುಡೋಕೆ ಎರಡು ನಿಮಿಷ. ಎರಡು ಹಂಚಿಟ್ಟರೂ ನಿಮಿಷಕ್ಕೊಂದೇ ರೊಟ್ಟಿ. ಎಲ್ಲರಿಗೂ ಮುಟ್ಟಿಸೋಕೆ ಎರಡು ತಾಸು ಬೇಕು! ಸಾಲದ್ದಕ್ಕೆ ಕಾಕಾ ಹತ್ತಿಪ್ಪತ್ತು ರೊಟ್ಟಿ ಕೂಡೋವರೆಗೆ ಬುಟ್ಟಿಯಲ್ಲಿ ತಡೆದು, ಆಮೇಲೆ ಹಂಚಿದ್ದಾನೆ. 40 ನಿಮಿಷವೂ ನಿಜ, ತಣ್ಣಗಿದ್ದದ್ದೂ ನಿಜ. ಉಂಡವನದು ತಪ್ಪಲ್ಲ, ಆಯಿಯದೂ ಅಲ್ಲ. ಜನ ಬರ್ತಾರೆ ಅಂತ ಗೊತ್ತಿದ್ದೂ ಇನ್ನೊಬ್ಬರನ್ನು ಕರೆಯದ ಕಾಕಾನದು, ವಿಚಾರಿಸದೇ ಬರೆದ ನನ್ನದು.

ಮಾಲೀಕರ ಉತ್ತರವನ್ನು ಆಮೇಲೆ ತಿದ್ದಬಹುದು. ತಿದ್ದಿದೆ. ಈ ಸಲ ಕಾಕಾನಿಗೆ ಎರಡು ಸಲ ಓದಿ ತೋರಿಸಿ ಹಾಕಿದೆ:

"ನೀವು ಬರೆದದ್ದು ನಿಜ. ಅಮಾವಾಸ್ಯೆ ದಿನ ಬರುವ ಜನಕ್ಕೆ ತಕ್ಕ ಹಾಗೆ ನಾವು ತಯಾರಿ ಮಾಡಿಕೊಂಡಿರಲಿಲ್ಲ, ತಪ್ಪು ಮಾಲೀಕರದು. ನಮ್ಮ ರೊಟ್ಟಿ ಆಯಿ ಅಂದು ಒಬ್ಬರೇ ನೂರಕ್ಕಿಂತ ಹೆಚ್ಚು ರೊಟ್ಟಿ ಬಡಿದರು. ಮೊದಲು ಅವರ ಮೇಲೆ ಹಾಕಿ ಬರೆದದ್ದಕ್ಕೆ ಅವರ ಕ್ಷಮೆಯನ್ನೂ ಕೇಳುತ್ತೇವೆ. ಇನ್ನು ಮುಂದೆ ಅಮಾವಾಸ್ಯೆಗೆ ಇಬ್ಬರು ಇರುತ್ತಾರೆ. ಬಿಸಿ ರೊಟ್ಟಿಗೆ ತಡವಾದರೆ ಕೂರುವಾಗಲೇ ಹೇಳುತ್ತೇವೆ, ಬೇಡವಾದವರಿಗೆ ಖಟಕ ರೊಟ್ಟಿ ಕೂಡಲೇ ಸಿಗುತ್ತದೆ."

"ಮುಂದಿನ ಊಟ ಪುಕ್ಕಟೆ ಕೊಡ್ತೀವಿ, ಸ್ಟಾರ್ ತಿದ್ದಂತ ಬರಿ" ಅಂದ ಕಾಕಾ. ಬೇಡ ಅಂದೆ. ಉಡುಗೊರೆ ಕೊಟ್ಟು ರಿವ್ಯೂ ಬದಲಿಸಿಕೊಳ್ಳೋದು ಗೂಗಲ್ ನಿಯಮಕ್ಕೂ ವಿರುದ್ಧ. ಅದಲ್ಲದೆ, ಅದನ್ನು ಓದಿದ ಮುಂದಿನವನೂ ಊಟ ಬೇಕಾದಾಗ ಒಂದು ಸ್ಟಾರ್ ಹಾಕ್ತಾನೆ!

ಇದರ ಬಗ್ಗೆ ಒಂದು ಅಧ್ಯಯನವೂ ಇದೆ. ಪ್ರೊಸೆರ್ಪಿಯೊ ಮತ್ತು ಝರ್ವಾಸ್ ಅನ್ನೋರು ಅಮೆರಿಕದ ಟೆಕ್ಸಸ್‌ನ ವಸತಿ ಹೋಟೆಲುಗಳ ರಿವ್ಯೂಗಳನ್ನು ಜಾಲಾಡಿ 2017ರಲ್ಲಿ ಪ್ರಕಟಿಸಿದ್ದು. ಮಾಲೀಕರು ಉತ್ತರ ಬರೆಯೋಕೆ ಶುರು ಮಾಡಿದ ಮೇಲೆ ಸರಾಸರಿ 0.12 ಸ್ಟಾರ್ ಏರಿತು. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು: ಕೆಟ್ಟ ರಿವ್ಯೂಗಳು ಕಡಿಮೆಯಾದವು, ಆದರೆ ಬಂದವು ಉದ್ದವಾದವು. ಮಾಲೀಕ ಓದ್ತಾನೆ ಅಂತ ಗೊತ್ತಾದರೆ ಸುಮ್ಮನೆ "ಥೂ" ಅಂದು ಹೋಗೋರು ಹಿಂಜರೀತಾರೆ; ಬರೆಯೋರು ಕಾರಣ ಕೊಟ್ಟು ಬರೀತಾರೆ. ಕಾರಣ ಇದ್ದರೆ ತಾನೇ ತಿದ್ದಿಕೊಳ್ಳೋಕಾಗೋದು?

ಈಗ ಒಳ್ಳೆಯದಕ್ಕೂ ಓದಿಯೇ ಬರೀತೀನಿ. ಗುರೆಳ್ಳು ಚಟ್ನಿ ಚೆನ್ನಾಗಿತ್ತು ಅಂದವರಿಗೆ "ಅದನ್ನು ಕಾಕು ಮನೆಯಲ್ಲೇ ಕುಟ್ಟತಾರೆ, ಸೋಮವಾರ ಮಾತ್ರ ಬಾಗಿಲು ಹಾಕಿರುತ್ತೆ" ಅಂತ. ಹೊಗಳಿದವರಿಗಿಂತ ಇನ್ನೂ ಬರದವರಿಗೆ ಅದು ಉಪಯೋಗ. ಪನ್ನೀರ್ ಮಹಾಶಯನಿಗೂ ತಿದ್ದಿದೆ: "ಬಹುಶಃ ಬೇರೆ ಹೋಟೆಲಿನದು ಇಲ್ಲಿ ಬಂದಿದೆ, ನಮ್ಮಲ್ಲಿ ಪನ್ನೀರ್ ಇಲ್ಲ, ಝುಣಕ ಇದೆ." ಅವನು ಐದು ಸ್ಟಾರ್ ಅಳಿಸಿಬಿಟ್ಟ! ಕಾಕಾ ಇನ್ನೂ ಅದನ್ನು ಮರೆತಿಲ್ಲ.

ಒಂದು ಸ್ಟಾರ್ ಕೊಟ್ಟವನು? ಏನೂ ತಿದ್ದಲಿಲ್ಲ, ಒಂದು ಒಂದಾಗಿಯೇ ಇದೆ. ಆದರೆ ಎರಡು ಅಮಾವಾಸ್ಯೆ ಕಳೆದ ಮೇಲೆ ಇನ್ಯಾರೋ ಬರೆದಿದ್ದರು: "ಕೂರುವಾಗಲೇ ಅರ್ಧ ತಾಸು ಆಗುತ್ತೆ ಅಂದರು, ಅಷ್ಟೇ ಹೊತ್ತಿಗೆ ಬಂತು, ಬಿಸಿ ಇತ್ತು." ನಾಲ್ಕು ಸ್ಟಾರ್.

ಆಯಿ ವಾಪಸ್ ಬಂದಿದ್ದಾಳೆ. ತಿದ್ದಿದ ಉತ್ತರವನ್ನೂ ಮೊಮ್ಮಗನೇ ಓದಿ ಹೇಳಿದನಂತೆ. ಮೊನ್ನೆ ಊರಿಗೆ ಹೋದಾಗ ಒಲೆ ಮುಂದೆ ಹೋಗಿ ಕುಳಿತೆ. ಅವಳು ಹಂಚಿನಿಂದ ರೊಟ್ಟಿ ತೆಗೆದು ನೇರ ನನ್ನ ತಾಟಿಗೆ ಹಾಕಿ, "ಬಿಸಿ ಐತಿಲ್ಲ ನೋಡಿ ಬರಿ" ಅಂದಳು.

ನೋಡಿ ಬರೀತಾ ಇದ್ದೀನಿ. ಬಿಸಿ ಇತ್ತು.