ಎಚ್ಚೂ ಇರಲಿಲ್ಲ, ಎಲ್ಲೂ ಇರಲಿಲ್ಲ

ನಮ್ಮ ಮನ್ಯಾಗ ರಕ್ತದ ರಿಪೋರ್ಟ್ ಬಂತಂದ್ರ ಅದನ್ನ ಓದೋ ಪದ್ಧತಿ ಒಂದ ಇತ್ತು. ಬಲಗಡೆ ಕಾಲಮ್ಮಿನ ಮ್ಯಾಲೆ ಬೆರಳಿಟ್ಟು ಸರ್ರನೆ ಕೆಳಗ ಎಳಕೋತ ಬರೂದು. ಎಲ್ಲೆರೆ ಎಚ್ ಇಲ್ಲಾ ಎಲ್ ಕಂಡ್ರ ಅಲ್ಲೇ ನಿಂತು ಗಾಬರಿಯಾಗೂದು. ಏನೂ ಕಾಣಲಿಲ್ಲಂದ್ರ "ಎಲ್ಲಾ ನಾರ್ಮಲ್ ಅದ ತಗೋರಿ" ಅಂತ ಕಾಗದಾ ಮಡಚಿ ಕಪಾಟಿನ್ಯಾಗ ಇಡೂದು. ಎಚ್ ಅಂದ್ರ ಹೆಚ್ಚು, ಎಲ್ ಅಂದ್ರ ಕಡಿಮಿ. ನಮಗ ತಿಳದಿದ್ದು ಅಷ್ಟ.

ಹಿಂದಿನ ವರ್ಷ ದೀಪಾವಳಿಗೆ ಮಗಳು ಬಂದಿದ್ಲು. ಮೊಮ್ಮಗಗ ಎಂಟು ವರ್ಷ. ಜ್ವರ ಬಂದು ಬಿಡಲಿಲ್ಲ ಅಂತ ರಕ್ತ ಪರೀಕ್ಷೆ ಮಾಡ್ಸಿದ್ವಿ. ರಿಪೋರ್ಟಿನ್ಯಾಗ ಅಲ್ಕಲೈನ್ ಫಾಸ್ಫಟೇಸ್ ಅನ್ನೋದರ ಮುಂದ 310, ಬಾಜೂಕ 40ರಿಂದ 130 ಅಂತ ಮಿತಿ, ಅದರ ಮುಂದ ದಪ್ಪನ್ನ ಎಚ್. ಮಗಳು ಫೋನಿನ್ಯಾಗ ಹುಡುಕಿ "ಅವ್ವಾ, ಇದು ಲಿವರಿಂದಂತ" ಅಂತ ಅಳ್ಳಿಕತ್ಲು. ಆ ರಾತ್ರಿ ನಮ್ಮನ್ಯಾಗ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಡಾಕ್ಟರ್ರು ಲಿವರಿನ ಉಳಿದ ಸಾಲುಗಳನ್ನೂ ನೋಡಿದ್ರು, ಹುಡುಗನ ಹೊಟ್ಟಿ ಒತ್ತಿ ನೋಡಿದ್ರು, ಆಮ್ಯಾಲೆ ನಕ್ಕರು. "ಅಕ್ಕಾರ, ಇದು ಎಲುಬಿಂದನೂ ಬರ್ತದ. ಬೆಳಿಯೋ ಹುಡುಗರಿಗೆ ದೊಡ್ಡವರಿಗಿಂತ ಎರಡು ಮೂರು ಪಟ್ಟು ಇರೂದು ಸಹಜ. ಇಲ್ಲಿ ಅಚ್ಚು ಹಾಕಿದ್ದು ದೊಡ್ಡವರ ಮಿತಿ. ಎಚ್ ಹಾಕಿದ್ದು ಡಾಕ್ಟರ್ ಅಲ್ಲ, ಕಂಪ್ಯೂಟರು. ಅದಕ್ಕ ಕೊಟ್ಟ ಎರಡು ಅಂಕಿ ದಾಟಿದ್ರ ಗುರ್ತು ಹಾಕ್ತದ, ಅಷ್ಟ."

ಆ ಎರಡು ಅಂಕಿ ಎಲ್ಲಿಂದ ಬರ್ತಾವ ಅಂತ ನಾ ಕೇಳಿದೆ. ಅವರು ಹೇಳಿದ್ದು ಹಿಂಗ: ಆರೋಗ್ಯದಿಂದ ಇರೋ ನೂರಾರು ಮಂದಿ ರಕ್ತ ತಗೊಂಡು, ಬಂದ ಅಂಕಿಗಳನ್ನ ಕಡಿಮಿಯಿಂದ ಹೆಚ್ಚಿಗೆ ಸಾಲಾಗಿ ಇಡ್ತಾರ. ನೂರಕ್ಕ ಎರಡೂವರೆಯಷ್ಟು ಕೆಳಗಿನವನ್ನ, ಎರಡೂವರೆಯಷ್ಟು ಮ್ಯಾಲಿನವನ್ನ ಬಿಟ್ಟು, ನಡುವಿನ 95ರ ಹರವನ್ನ ಮಿತಿ ಅಂತ ಬರೀತಾರ. ಅಂದ್ರ ನೂರು ಮಂದಿ ಗಟ್ಟಿಮುಟ್ಟಾದವರೊಳಗೂ ಐದು ಮಂದಿ ಹೊರಗ ಬೀಳೋರ. ಇಪ್ಪತ್ತು ಪರೀಕ್ಷೆ ಒಮ್ಮೆಲೆ ಮಾಡ್ಸಿದ್ರ ಏನೂ ರೋಗ ಇಲ್ಲದವರಿಗೂ ಒಂದರ ಮುಂದರ ಗುರ್ತು ಬರೂದು ದೊಡ್ಡ ಮಾತಲ್ಲ. ಸಕ್ಕರೆ, ಕೊಲೆಸ್ಟ್ರಾಲಿಂದು ಮಾತ್ರ ಬ್ಯಾರೆ ಲೆಕ್ಕ. ಅಲ್ಲಿ ಎಷ್ಟು ದಾಟಿದ್ರ ಅಪಾಯ ಶುರುವಾಗ್ತದ ಅಂತ ನೋಡಿ ಗೆರಿ ಹಾಕಿರ್ತಾರ.

ಎದ್ದು ಬರೂ ಮುಂದ ಅವರು ಇನ್ನೊಂದು ಮಾತು ಹೇಳಿದ್ರು. "ಗುರ್ತು ಬಂದದ್ದೆಲ್ಲಾ ರೋಗ ಅಲ್ಲ. ಗುರ್ತು ಬರದ ಇದ್ದದ್ದೆಲ್ಲಾ ಆರೋಗ್ಯನೂ ಅಲ್ಲ. ಹಳೇ ರಿಪೋರ್ಟ್ ಜೋಡಿ ಇಟ್ಟು ನೋಡ್ರಿ."

ಆ ಮಾತು ತಲ್ಯಾಗ ಕೂತಬಿಡ್ತು. ನಾ ಓದಿದ್ದು ಪಿಯುಸಿ ತನಕ, ಆದ್ರ ಹಾಲಿನ ಲೆಕ್ಕ, ಕಿರಾಣಿ ಲೆಕ್ಕ ಮೂವತ್ತು ವರ್ಷದಿಂದ ಬರದಾಕಿ. ಒಂದು ಉದ್ದನ್ನ ನೋಟಬುಕ್ ತಂದೆ. ಒಬ್ಬೊಬ್ಬರಿಗೆ ಒಂದಿಷ್ಟು ಹಾಳಿ, ಒಂದೊಂದು ಪರೀಕ್ಷೆಗೆ ಒಂದೊಂದು ಪುಟ. ಪುಟಕ್ಕ ಆರು ಕಾಲಂ ಹೊಡದೆ: ತಾರೀಖು, ಬಂದ ಅಂಕಿ, ಅದರ ಅಳತಿ, ಆ ಲ್ಯಾಬಿನ ಮಿತಿ, ಎಚ್ ಇಲ್ಲಾ ಎಲ್, ಕಡೀಕ "ಆವತ್ತು ಏನಿತ್ತು". ಈ ಕಡೀ ಕಾಲಮ್ಮಿನ್ಯಾಗ ಜ್ವರ ಇತ್ತೇನು, ಉಪವಾಸ ಇದ್ರೇನು, ಯಾವ ಗುಳಿಗಿ ನಡದಿತ್ತು ಅಂತ ಬರೀತೀನಿ.

ಮಿತಿನ ಪ್ರತೀ ಸಲ ಯಾಕ ಬರೀಬೇಕಂದ್ರ, ಲ್ಯಾಬ್ ಬದಲಾದ್ರ ಯಂತ್ರ ಬದಲಾಗ್ತದ, ಮಿತಿನೂ ಒಂಚೂರು ಸರೀತದ. ಅಳತಿ ಯಾಕಂದ್ರ, ನಮ್ಮತ್ತಿಯವರ ಪ್ಲೇಟ್ಲೆಟ್ ಒಂದ್ಸಲ 2.1 ಇತ್ತು, ಇನ್ನೊಂದು ಲ್ಯಾಬಿನ್ಯಾಗ 210. ನೂರು ಪಟ್ಟು ಏರೇದ ಅಂತ ನಾ ಹೌಹಾರಿದ್ದೆ. ಒಂದು ಲಕ್ಷದ ಲೆಕ್ಕದಾಗ, ಒಂದು ಸಾವಿರದ ಲೆಕ್ಕದಾಗ. ಎರಡೂ ಒಂದ.

ಹಳೇ ಕಾಗದಾ ಎಲ್ಲಾ ತಗದು ನಮ್ಮ ಮನಿಯವರದು ಬರಕೋತ ಕೂತೆ. ರಿಟೈರ್ ಆದ ಮ್ಯಾಲೆ ಅವರು ವರ್ಷಕ್ಕೊಮ್ಮೆ ತಪ್ಪದ ಪರೀಕ್ಷೆ ಮಾಡ್ಸೋರು. ಹಿಮೋಗ್ಲೋಬಿನ್ನಿನ ಪುಟದಾಗ ನಾಲ್ಕು ಸಾಲು ಬಂದ್ವು:

2021 – 15.1
2022 – 14.6
2023 – 13.9
2024 – 13.2

ಗಂಡಸರಿಗೆ ಮಿತಿ 13ರಿಂದ 17. ನಾಲ್ಕೂ ಒಳಗ ಅವ. ಒಂದರ ಮುಂದನೂ ಎಲ್ ಇಲ್ಲ. ನಾಲ್ಕು ವರ್ಷನೂ ನಾನ ಬೆರಳ ಎಳದು "ನಾರ್ಮಲ್" ಅಂದಾಕಿ. ಈಗ ಒಂದರ ಕೆಳಗ ಒಂದು ಇಟ್ಟು ನೋಡಿದ್ರ ಪಾವಟಗಿ ಇಳಧಂಗ ಕಾಣ್ತಿತ್ತು. ಎಂಸಿವಿ ಅಂತ ಇನ್ನೊಂದು ಸಾಲು, ಕೆಂಪು ಕಣದ ಗಾತ್ರದ್ದು. ಅದೂ 92, 90, 87, 84 ಅಂತ ಸಣ್ಣಾಗಕೋತ ಬಂದಿತ್ತು. ಅಲ್ಲೂ ಗುರ್ತಿಲ್ಲ.

ಕಡೀ ಕಾಲಂ ತುಂಬಬೇಕಲಾ ಅಂತ ಕೇಳಿದೆ, "ರೀ, ಆ ಮೊಣಕಾಲ ನೋವಿನ ಗುಳಿಗಿ ಯಾವಾಗಿಂದ ತಗೋಳಿಕತ್ತೀರಿ?"

"ಎರಡು ಮೂರು ವರ್ಷ ಆತು. ಮೆಡಿಕಲ್ ಶಾಪಿನ್ಯಾಗ ಕೊಡ್ತಾರಲಾ. ಯಾಕ?"

"ಹೊಟ್ಟ್ಯಾಗ ಏನರ ಹಾಕಿ ತಗೋತೀರೋ, ಇಲ್ಲೋ?"

"ಮುಂಜಾನೆ ಚಹಾದ ಜೋಡಿ. ಲೆಕ್ಕಾ ಬರಿಯೋದು ಬಿಟ್ಟು ಪೊಲೀಸಕಿ ಶುರು ಮಾಡಿದ್ಯಲಾ."

ಮಹಡಿ ಹತ್ತೂ ಮುಂದ ಅವರಿಗೆ ತೇಕು ಬರ್ತಿತ್ತು. ಅದನ್ನ ನಾವಿಬ್ಬರೂ ವಯಸ್ಸಿನ ಮ್ಯಾಲೆ ಹಾಕಿದ್ವಿ.

ನೋಟಬುಕ್ ತಗೊಂಡು ಡಾಕ್ಟರ್ ಹತ್ರ ಹೋದ್ವಿ. ಅವರು ಪುಟ ನೋಡಿ ಈ ಸಲ ನಗಲಿಲ್ಲ. 14.6, 14.3 ಅಂತ ಅಷ್ಟಿಷ್ಟು ಹಿಂದ ಮುಂದ ಆಗೂದು ದಿನಾ ಇರೋದ, ನೀರು ಹೆಚ್ಚು ಕಡಿಮಿ ಕುಡದ್ರೂ ಆಗ್ತದ. ಆದ್ರ ನಾಲ್ಕು ಸಲನೂ ಒಂದ ಕಡೆ ಇಳದ್ರ ಕಾರಣ ಹುಡುಕಬೇಕು ಅಂದ್ರು. ಮೈಯಾಗಿನ ಕಬ್ಬಿಣದ ದಾಸ್ತಾನು ತೋರಿಸೋ ಫೆರಿಟಿನ್ ಪರೀಕ್ಷೆ ಬರಕೊಟ್ರು. ಅದು 11 ಬಂತು. ಕೆಳಗಿನ ಮಿತಿ 30. ಆವತ್ತು ಮೊದಲನೇ ಸಲ ನಮ್ಮ ಮನಿಯವರ ಸಾಲಿನ್ಯಾಗ ಎಲ್ ಬಿತ್ತು.

"ಹೆಣ್ಣಮಕ್ಕಳಿಗೆ ಮುಟ್ಟಿನ್ಯಾಗ ರಕ್ತ ಹೋಗಿ ಕಬ್ಬಿಣ ಕಡಿಮಿಯಾಗ್ತದ. ಈ ವಯಸ್ಸಿನ ಗಂಡಸರಿಗೆ ಹಿಂಗಾದ್ರ ಒಳಗ ಎಲ್ಲೋ ಸೋರಲಿಕತ್ತದೇನು ಅಂತ ನೋಡಬೇಕು. ಬರೇ ಕಬ್ಬಿಣದ ಗುಳಿಗಿ ಕೊಟ್ಟು ಕಳಸೂ ಹಂಗಿಲ್ಲ" ಅಂದ್ರು. ಬಾಯಿಂದ ಎಂಡೋಸ್ಕೋಪಿ, ಕೆಳಗಿಂದ ಕೊಲೊನೋಸ್ಕೋಪಿ ಎರಡೂ ಆತು. ಹೊರಗ ಬೆಂಚಿನ ಮ್ಯಾಲೆ ಕೂತಾಗ ನನ್ನ ಮನಸಿಗೆ ಬಂದದ್ದೆಲ್ಲಾ ಕೆಟ್ಟದ್ದ.

ಕರುಳು ಚಂದ ಇತ್ತು. ಜಠರದಾಗ ಒಂದು ಹುಣ್ಣಿತ್ತು. ಅದರಿಂದ ಕಣ್ಣಿಗೆ ಕಾಣಧಂಗ ಹನಿ ಹನಿ ರಕ್ತ ಹೋಗಿ, ಅದರ ಜೋಡಿ ಕಬ್ಬಿಣ ಹೋಗಿ, ಕಣಗಳು ಸಣ್ಣಾಗಿ, ಹಿಮೋಗ್ಲೋಬಿನ್ ಇಳದಿತ್ತು. ಹುಣ್ಣಿನ ಚೂರು ತಗದು ಪರೀಕ್ಷೆಗೆ ಕಳಿಸಿದ್ರು, ಕೆಟ್ಟದ್ದೇನೂ ಬರಲಿಲ್ಲ. ನೋವಿನ ಗುಳಿಗಿ ಬಂದ್ ಆತು, ಆಮ್ಲ ಕಡಿಮಿ ಮಾಡೂ ಗುಳಿಗಿ, ಕಬ್ಬಿಣದ ಗುಳಿಗಿ ಶುರುವಾದ್ವು. ಮೂರು ತಿಂಗಳಿಗೆ 14.4. ಮಹಡಿ ಮ್ಯಾಲಿನ ನೀರಿನ ಟಾಕಿ ನೋಡಲಿಕ್ಕೆ ಈಗ ಮತ್ತ ಅವರ ಹೋಗ್ತಾರ.

ಈಗೂ ರಿಪೋರ್ಟ್ ಬಂದ್ರ ಅವರು ಬಲಗಡೆ ಕಾಲಂ ನೋಡಿ "ಎಲ್ಲಾ ನಾರ್ಮಲ್" ಅಂತಾರ. ನಾ ಕನ್ನಡಕ ಹಾಕ್ಕೊಂಡು, "ತಡೀರಿ, ಹೋದ ವರ್ಷ ಎಷ್ಟಿತ್ತು ನೋಡೋಣ" ಅಂತ ನೋಟಬುಕ್ ತಗೀತೀನಿ.